ಗಜ್ಜರಿ ಚೌಕಕ್ಕೆ ಒಂದು ಅಂಕ

ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳ ಮೊದಲ ಸೆಮಿಸ್ಟರಿನ ಫುಡ್ ಪ್ರೊಡಕ್ಷನ್ ಥಿಯರಿ ಪತ್ರಿಕೆಯಲ್ಲಿ ಒಂದು ಬಗೆಯ ಪ್ರಶ್ನೆ ತಪ್ಪದೆ ಬರುತ್ತದೆ: ಗುರುತಿಸಿ. ತರಕಾರಿ ಹೆಚ್ಚಿದ ಚಿತ್ರ ಕೊಟ್ಟು ಆ ಕಟ್‌ನ ಹೆಸರು ಬರೆಯಿರಿ ಅನ್ನುವುದು, ಬೇಕಾದ ಸಾಮಾನಿನ ಪಟ್ಟಿ ಕೊಟ್ಟು ಇದು ಯಾವ ಸ್ಟಾಕ್ ಅನ್ನುವುದು, ಎಡಕ್ಕೆ ಐದು ಸಾಸ್, ಬಲಕ್ಕೆ ಐದು ತಾಯಿ ಸಾಸ್ ಇಟ್ಟು ಹೊಂದಿಸಿ ಬರೆಯಿರಿ ಅನ್ನುವುದು. ನೋಯ್ಡಾದಲ್ಲಿರುವ ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು ಕೇಟರಿಂಗ್ ಟೆಕ್ನಾಲಜಿ ಕೌನ್ಸಿಲ್ಲಿನ ಪಠ್ಯಕ್ರಮ ಹಿಡಿದ ಕಾಲೇಜಿರಲಿ, ವಿಶ್ವವಿದ್ಯಾಲಯಕ್ಕೆ ಸೇರಿದ ಖಾಸಗಿ ಕಾಲೇಜಿರಲಿ, ಪತ್ರಿಕೆಯ ಈ ಭಾಗ ಹೆಚ್ಚು ಬದಲಾಗುವುದಿಲ್ಲ. ನಮ್ಮ ಕೋಸಗಿ, ಆದೋನಿ ಕಡೆಯಿಂದ ಈ ಓದಿಗೆ ಹೋಗುವವರು ಹೈದರಾಬಾದಿಗೋ ತಿರುಪತಿಗೋ ಬೆಂಗಳೂರಿಗೋ ಹೋಗುತ್ತಾರೆ. ಎಲ್ಲಿ ಹೋದರೂ ಮೊದಲ ವರ್ಷ ಎದುರಾಗುವುದು ಇದೇ ಫ್ರೆಂಚ್ ಹೆಸರುಗಳ ಪಡೆ.

ಈ ಪ್ರಶ್ನೆಗಳು ಬೇಡವೇ ಬೇಡ ಅನ್ನುವುದು ನನ್ನ ವಾದವಲ್ಲ. ಅಡುಗೆಮನೆಯಲ್ಲಿ ಹೆಸರಿಗೆ ಕೆಲಸವಿದೆ. ಹೆಡ್ ಶೆಫ್ ‘ಎರಡು ಕಿಲೋ ಜೂಲಿಯೆನ್’ ಎಂದು ಕೂಗಿದಾಗ ಕೆಳಗಿನವನು ‘ಹಂಗಂದ್ರ?’ ಅಂತ ನಿಂತರೆ ಸರ್ವಿಸ್ ನಡೆಯುವುದಿಲ್ಲ. ಆದರೆ ಕಟ್, ಸ್ಟಾಕ್, ಸಾಸ್ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಲ್ಲಿ ದೋಷವಿದೆ. ಸಾಸಿನ ಗುರುತು ಅದರ ಸಾಮಾನಿನಲ್ಲಿದೆ, ಕಟ್‌ನ ಗುರುತು ಅಳತೆಯಲ್ಲಿದೆ, ಸ್ಟಾಕಿನ ಗುರುತು ಮಾಡುವ ಕ್ರಮದಲ್ಲಿದೆ. ಮೂರಕ್ಕೂ ‘ಹೆಸರು ಬರೆಯಿರಿ’ ಎಂದರೆ ಒಂದು ಕಡೆ ಪ್ರಶ್ನೆ ನ್ಯಾಯವಾಗುತ್ತದೆ, ಒಂದು ಕಡೆ ಅನ್ಯಾಯವಾಗುತ್ತದೆ, ಇನ್ನೊಂದು ಕಡೆ ಪೊಳ್ಳಾಗುತ್ತದೆ.

ಅನ್ಯಾಯ ಎದ್ದು ಕಾಣುವುದು ಕಟ್‌ಗಳಲ್ಲಿ. ಬೆಂಗಳೂರಿನಲ್ಲಿ ಓದುವ ನಮ್ಮೂರಿನ ಹುಡುಗನೊಬ್ಬ ರಜೆಗೆ ಬಂದಾಗ ತನ್ನ ಇಂಟರ್ನಲ್ ಪರೀಕ್ಷೆಯ ಪತ್ರಿಕೆಯನ್ನು ನನ್ನ ಮುಂದೆ ಹಿಡಿದ. ಕಪ್ಪು ಬಿಳುಪು ಜೆರಾಕ್ಸಿನಲ್ಲಿ ಎರಡು ಚಿತ್ರ. ಎರಡರಲ್ಲೂ ಗಜ್ಜರಿಯ ಚೌಕಗಳ ಗುಡ್ಡೆ. ಒಂದು ಬ್ರುನ್ವಾ, ಇನ್ನೊಂದು ಮ್ಯಾಸಿಡ್ವಾನ್ ಅನ್ನುವುದು ಉತ್ತರ.

‘ಅಣ್ಣಾ, ಎರಡೂ ಚೌಕನೇ ಅದಾವು. ಯಾವ್ದು ಸಣ್ಣದು, ಯಾವ್ದು ದೊಡ್ಡದು ಅಂತ ಹೆಂಗ ಹೇಳಬೇಕು?’

ಅವನ ಪ್ರಶ್ನೆಗೆ ಉತ್ತರವಿರಲಿಲ್ಲ. ಬ್ರುನ್ವಾ ಅಂದರೆ ಸುಮಾರು 3 ಮಿಲಿಮೀಟರಿನ ಘನಚೌಕ. ಮ್ಯಾಸಿಡ್ವಾನ್ ಅಂದರೆ ಸುಮಾರು 5 ಮಿಲಿಮೀಟರಿನದು. ಆಕಾರ ಒಂದೇ, ಬೇರೆಯಾಗಿರುವುದು ಅಳತೆ ಮಾತ್ರ. ಹತ್ತಿರದಿಂದ ತೆಗೆದ ಬ್ರುನ್ವಾ ಫೋಟೋ ಮ್ಯಾಸಿಡ್ವಾನಿನ ಹಾಗೆಯೇ ಕಾಣುತ್ತದೆ, ದೂರದಿಂದ ತೆಗೆದ ಮ್ಯಾಸಿಡ್ವಾನ್ ಬ್ರುನ್ವಾದ ಹಾಗೆ. ಪಕ್ಕದಲ್ಲಿ ಒಂದು ಸ್ಕೇಲಾಗಲಿ, ಒಂದು ಸೆಂಟಿಮೀಟರಿನ ಗೆರೆಯಾಗಲಿ, ಒಂದು ರೂಪಾಯಿ ನಾಣ್ಯವಾಗಲಿ ಇಲ್ಲದಿದ್ದರೆ ಉತ್ತರ ಊಹೆಯೇ. ಬಲ್ಲವನೂ ಅರ್ಧ ಸಲ ತಪ್ಪುತ್ತಾನೆ, ಏನೂ ಓದದವನೂ ಅರ್ಧ ಸಲ ಸರಿ ಬರೆಯುತ್ತಾನೆ. ಜೂಲಿಯೆನ್ ಮತ್ತು ಜಾರ್ಡಿನಿಯೇರ್ ಕಡ್ಡಿಗಳದೂ ಇದೇ ಕತೆ. ಚಿತ್ರ ಕೊಟ್ಟು ನ್ಯಾಯವಾಗಿ ಕೇಳಬಹುದಾದ ಕಟ್‌ಗಳು ಇಲ್ಲವೆಂದಲ್ಲ. ಏಳು ಮುಖದ ಪೀಪಾಯಿ ಆಕಾರದ ಟೂರ್ನೆ, ಸೊಪ್ಪಿನ ಎಲೆ ಸುತ್ತಿ ಎಳೆಯಾಗಿ ಹೆಚ್ಚಿದ ಶಿಫೊನಾಡ್, ಚಪ್ಪಟೆ ತ್ರಿಕೋನ, ಚೌಕ, ದುಂಡು ಬೆರೆತ ಪೇಸಾನ್ ಇವನ್ನು ಆಕಾರದಿಂದಲೇ ಹೇಳಬಹುದು.

ಸರಿ, ಚಿತ್ರದ ಬದಲು ಅಳತೆ ಕೇಳಿದರೆ? ಅದರಲ್ಲೂ ತೊಡಕಿದೆ. ಜೂಲಿಯೆನ್ ಎಂದರೆ 3 ಮಿಲಿಮೀಟರ್ ದಪ್ಪ, 5 ಸೆಂಟಿಮೀಟರ್ ಉದ್ದ ಎಂದು ಅಮೆರಿಕದ ಪುಸ್ತಕಗಳು ಹೇಳುತ್ತವೆ. ಅದಕ್ಕಿಂತ ತೆಳುವಾದ, ಒಂದೂವರೆ ಮಿಲಿಮೀಟರಿನದನ್ನು ಅವರು ಫೈನ್ ಜೂಲಿಯೆನ್ ಅನ್ನುತ್ತಾರೆ. ಬ್ರಿಟಿಷ್ ಸಂಪ್ರದಾಯದ ಪುಸ್ತಕಗಳಲ್ಲಿ ಬ್ರುನ್ವಾ 2 ಮಿಲಿಮೀಟರಿಗೂ ಇಳಿಯುತ್ತದೆ. ನಮ್ಮ ಕಾಲೇಜುಗಳಲ್ಲಿ ಹಳೆಯ ತಲೆಮಾರಿನ ಮೇಷ್ಟ್ರುಗಳು ಬ್ರಿಟಿಷ್ ಪುಸ್ತಕ ಓದಿ ಬಂದವರು, ಹೊಸಬರು ಅಮೆರಿಕದ್ದನ್ನು ತಿರುವಿದವರು, ಹುಡುಗರ ಕೈಯಲ್ಲಿರುವುದು ಎರಡನ್ನೂ ಕಲಸಿದ ನೋಟ್ಸು. ಉತ್ತರಪತ್ರಿಕೆ ತಿದ್ದುವವರ ಕೈಯಲ್ಲಿ ಯಾವ ಪುಸ್ತಕವಿದೆಯೋ ಅದರ ಮೇಲೆ ಅಂಕ. ಎರಡು ಮಿಲಿಮೀಟರ್ ಬರೆದವನಿಗೂ ಮೂರು ಬರೆದವನಿಗೂ ಅಂಕ ಕೊಡಿ ಎಂದು ಉತ್ತರಸೂಚಿಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯುವ ಜಗಳ ಇದು.

ಅಳತೆಯ ಸಂಖ್ಯೆಗಿಂತ ಮುಖ್ಯವಾದದ್ದು ಕಟ್‌ಗಳ ನಡುವಿನ ಸಂಬಂಧ, ಅದನ್ನು ಪತ್ರಿಕೆ ಕೇಳುವುದೇ ಇಲ್ಲ. ಗಜ್ಜರಿ ಹೆಚ್ಚುವ ಕ್ರಮವನ್ನೇ ನೋಡಿ. ಸಿಪ್ಪೆ ಹೆರೆದು 5 ಸೆಂಟಿಮೀಟರಿನ ತುಂಡು ಮಾಡಬೇಕು. ನಾಲ್ಕು ಬದಿಯ ದುಂಡನ್ನು ಕತ್ತರಿಸಿ ಇಟ್ಟಿಗೆಯ ಆಕಾರಕ್ಕೆ ತರಬೇಕು. ಆಮೇಲೆ 3 ಮಿಲಿಮೀಟರಿನ ಬಿಲ್ಲೆಗಳು. ಆ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು ಮತ್ತೆ 3 ಮಿಲಿಮೀಟರಿಗೆ ಉದ್ದಕ್ಕೆ ಕೊಯ್ದರೆ ಜೂಲಿಯೆನ್. ಆ ಕಡ್ಡಿಗಳನ್ನು ಒಟ್ಟು ಹಿಡಿದು ಅಡ್ಡ ಕೊಯ್ದರೆ ಬ್ರುನ್ವಾ. ಬ್ರುನ್ವಾ ಅನ್ನುವುದು ಜೂಲಿಯೆನ್‌ನ ಮುಂದಿನ ಹೆಜ್ಜೆ, ಅಷ್ಟೇ. ಇದನ್ನು ತಿಳಿದವನು ಎರಡು ಹೆಸರನ್ನು ಎರಡು ಬೇರೆ ಪದಾರ್ಥದಂತೆ ಬಾಯಿಪಾಠ ಮಾಡಬೇಕಾಗಿಲ್ಲ. ‘ಜೂಲಿಯೆನ್ ಕಡ್ಡಿಯನ್ನು ಅಷ್ಟೇ ಅಗಲಕ್ಕೆ ಅಡ್ಡ ಕೊಯ್ದರೆ ಯಾವ ಕಟ್ ಬರುತ್ತದೆ?’ ಎಂದು ಕೇಳಿದರೆ ಚಿತ್ರವೂ ಬೇಡ, ಸ್ಕೇಲೂ ಬೇಡ.

ಈ ಹೆಚ್ಚುವಿಕೆಯಲ್ಲೇ ಒಂದು ಲೆಕ್ಕವೂ ಇದೆ. ದುಂಡನೆಯ ಗಜ್ಜರಿಯನ್ನು ಚೌಕ ಮಾಡಿದರೆ ಎಷ್ಟು ಉಳಿಯುತ್ತದೆ? 3 ಸೆಂಟಿಮೀಟರ್ ಅಡ್ಡಳತೆಯ ದುಂಡಿನೊಳಗೆ ಕೂರುವ ದೊಡ್ಡ ಚೌಕದ ಬದಿ ಸುಮಾರು 2.1 ಸೆಂಟಿಮೀಟರ್. ಅಂದರೆ ಏಳು ಬಿಲ್ಲೆ, ಒಂದೊಂದರಲ್ಲಿ ಏಳು ಕಡ್ಡಿ, ಒಟ್ಟು 49 ಜೂಲಿಯೆನ್. ಆದರೆ ಆ ಚೌಕ ದುಂಡಿನ ನೂರಕ್ಕೆ 64 ಭಾಗ ಮಾತ್ರ. ಉಳಿದ 36 ಭಾಗ ಬದಿಗೆ ಬಿತ್ತು. ಒಂದು ಕಿಲೋ ಜೂಲಿಯೆನ್ ಬೇಕೆಂದರೆ ಸಿಪ್ಪೆ ಹೆರೆದ ಮೇಲೆ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚೇ ಗಜ್ಜರಿ ಕೈಯಲ್ಲಿರಬೇಕು. ಗಜ್ಜರಿ ಕೆಳಗೆ ಚೂಪಾಗುತ್ತಾ ಹೋಗುವುದರಿಂದ ನಿಜವಾದ ನಷ್ಟ ಇನ್ನೂ ಹೆಚ್ಚು. ಇಂಡೆಂಟ್ ಬರೆಯುವವನಿಗೆ ಬೇಕಾದ ತಿಳಿವಳಿಕೆ ಇದು. ಬದಿಗೆ ಬಿದ್ದ ಚೂರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರಂತೂ ಪ್ರಶ್ನೆ ನೇರ ಸ್ಟಾಕ್ ಪಾತ್ರೆಯ ಹತ್ತಿರ ಬಂದು ನಿಲ್ಲುತ್ತದೆ. ಉಳ್ಳಾಗಡ್ಡಿ ಎರಡು ಪಾಲು, ಗಜ್ಜರಿ ಒಂದು ಪಾಲು, ಸೆಲೆರಿ ಒಂದು ಪಾಲು ಸೇರಿದ ಮಿರ್‌ಪ್ವಾಕ್ಕೆ ಅಂದಚಂದದ ಕಟ್ ಬೇಕಿಲ್ಲ. ಸೋಸಿದ ಮೇಲೆ ಬಿಸಾಡುವ ತರಕಾರಿ ಅದು.

ಅಳತೆ ಯಾಕೆ ಬೇಕು ಎಂಬುದನ್ನು ನಮ್ಮ ಊರಿನ ಉಗ್ಗಾಣಿ ಅಂಗಡಿಯವನು ಯಾವ ಥಿಯರಿ ಇಲ್ಲದೆ ಬಲ್ಲ. ಒಗ್ಗರಣೆಗೆ ಅವನು ಉಳ್ಳಾಗಡ್ಡಿಯನ್ನು ಉದ್ದಕ್ಕೆ, ತೆಳ್ಳಗೆ, ಎಲ್ಲವೂ ಒಂದೇ ದಪ್ಪಕ್ಕೆ ಹೆಚ್ಚುತ್ತಾನೆ. ದಪ್ಪ ಎಸಳು ಬೆರೆತರೆ ಅದು ಬೇಯುವಷ್ಟರಲ್ಲಿ ಹಸಿಮೆಣಸಿನಕಾಯಿ ಕಪ್ಪಾಗಿರುತ್ತದೆ, ಬೇಗ ಇಳಿಸಿದರೆ ನೆನೆಸಿದ ಮಂಡಾಳಿನ ನಡುವೆ ಹಸಿ ಉಳ್ಳಾಗಡ್ಡಿ ಕರಕರ ಎನ್ನುತ್ತದೆ. ಪ್ಯಾರಿಸಿನ ಅಡುಗೆಯವರು ಅಳತೆ ಕಟ್ಟಿದ್ದೂ ಈ ಕಾರಣಕ್ಕೇ, ತುಂಡುಗಳು ಒಟ್ಟಿಗೆ ಬೇಯಲಿ ಎಂದು. 5 ಮಿಲಿಮೀಟರಿನ ಚೌಕದಲ್ಲಿ 3 ಮಿಲಿಮೀಟರಿನದಕ್ಕಿಂತ ನಾಲ್ಕೂವರೆ ಪಟ್ಟು ತಿರುಳಿದೆ. ಎರಡನ್ನೂ ಒಂದೇ ಬಾಣಲಿಗೆ ಹಾಕಿದರೆ ಒಂದು ಕರಗುತ್ತದೆ, ಇನ್ನೊಂದು ಹಸಿಯಾಗಿ ಉಳಿಯುತ್ತದೆ. ಇದನ್ನು ಬರೆಯಬಲ್ಲ ಹುಡುಗನಿಗೆ ಬ್ರುನ್ವಾದ ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪಿತೆಂದು ಅಂಕ ಕಳೆಯುವುದು ನನಗೆ ಒಪ್ಪಿಗೆಯಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಬರೆಯದೆ ಬಿಟ್ಟ ಉಚ್ಚಾರ, ಉಚ್ಚರಿಸದೆ ಬಿಟ್ಟ ಅಕ್ಷರ ಎರಡೂ ಫ್ರೆಂಚಿನಲ್ಲಿ ಕಾದಿರುತ್ತವೆ.

ಸ್ಟಾಕಿನ ಪ್ರಶ್ನೆಗಳಲ್ಲಿ ಅನ್ಯಾಯವಿಲ್ಲ, ಆದರೆ ಅವು ಪೊಳ್ಳು. ‘ಹುರಿದ ಮೂಳೆ, ಹುರಿದ ಮಿರ್‌ಪ್ವಾ, ಟೊಮೆಟೊ ಪ್ಯೂರಿ, ನೀರು. ಇದು ಯಾವ ಸ್ಟಾಕ್?’ ಬ್ರೌನ್ ಸ್ಟಾಕ್ ಎಂದು ಬರೆಯಲು ಅಡುಗೆಮನೆಗೆ ಕಾಲಿಡಬೇಕಾಗಿಲ್ಲ. ಮೂಳೆಯನ್ನು ಹುರಿದರೆ ಬ್ರೌನ್, ಹುರಿಯದಿದ್ದರೆ ವೈಟ್, ಮೀನಿನದಾದರೆ ಫಿಶ್ ಸ್ಟಾಕ್, ಮೂಳೆಯೇ ಇಲ್ಲದಿದ್ದರೆ ವೆಜಿಟೆಬಲ್ ಸ್ಟಾಕ್. ನಾಲ್ಕೇ ಹೆಸರು. ನಮ್ಮ ಕಡೆ ಮೂಳೆ ಮನೆಯೊಳಗೆ ಬಾರದ ಮನೆಗಳಿಂದ ಬಂದ ಹುಡುಗರೂ ಇದಕ್ಕೆ ಪೂರ್ತಿ ಅಂಕ ತೆಗೆಯುತ್ತಾರೆ. ಆದರೆ ಸ್ಟಾಕ್ ಕೆಡುವುದು ಹೆಸರಿನಲ್ಲಲ್ಲ, ಗಂಟೆಗಳಲ್ಲಿ.

ಒಂದು ಪಾತ್ರೆ ಕೋಳಿ ಸ್ಟಾಕನ್ನೇ ತೆಗೆದುಕೊಳ್ಳೋಣ. ಮೂಳೆ ತೊಳೆದು ತಣ್ಣೀರಿನಲ್ಲೇ ಇಡಬೇಕು. ನೀರು ನಿಧಾನ ಬಿಸಿಯಾದಂತೆ ಪ್ರೊಟೀನು ಹೊರಬಂದು ಗಟ್ಟಿಯಾಗಿ ನೊರೆಯಾಗಿ ಮೇಲೇಳುತ್ತದೆ, ಅದನ್ನು ಸೌಟಿನಿಂದ ತೆಗೆಯಬಹುದು. ಮೊದಲೇ ಕುದಿನೀರು ಸುರಿದರೆ ಆ ಪ್ರೊಟೀನು ಚೂರುಚೂರಾಗಿ ನೀರಿನಲ್ಲೇ ತೇಲುತ್ತದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿಯಲ್ಲಿ ಮೂರರಿಂದ ನಾಲ್ಕು ಗಂಟೆ ಬೇಯಬೇಕು. ದನದ ಮೂಳೆಯಾದರೆ ಆರರಿಂದ ಎಂಟು. ಮೀನಿನದಾದರೆ ಇಪ್ಪತ್ತು ನಿಮಿಷದ ಸುಮಾರಿಗೆ ಇಳಿಸದಿದ್ದರೆ ಕಹಿಯಾಗುತ್ತದೆ. ಅವಸರಕ್ಕೆ ಉರಿ ಜೋರು ಮಾಡಿ ಕೊತಕೊತ ಕುದಿಸಿದರೆ ಕೊಬ್ಬು ನೀರಿನೊಳಗೆ ಒಡೆದು ಬೆರೆತು ಸ್ಟಾಕ್ ಕಲಗಚ್ಚಿನಂತಾಗುತ್ತದೆ, ಆಮೇಲೆ ಎಷ್ಟು ಸೋಸಿದರೂ ತಿಳಿಯಾಗುವುದಿಲ್ಲ. ಉಪ್ಪು ಹಾಕುವುದಿಲ್ಲ, ಯಾಕೆಂದರೆ ಇದೇ ಸ್ಟಾಕ್ ನಾಳೆ ಸಾಸಿಗಾಗಿ ಅರ್ಧಕ್ಕಿಳಿಯಬಹುದು, ಆಗ ಉಪ್ಪು ಇಮ್ಮಡಿಯಾಗುತ್ತದೆ.

ಸ್ಟಾಕ್ ಚೆನ್ನಾಗಿದೆಯೇ ಎಂಬುದಕ್ಕೆ ಸುಲಭ ಪರೀಕ್ಷೆ ಫ್ರಿಜ್ಜಿನಲ್ಲಿದೆ. ಮೂಳೆಯ ಸಂದಿನ ಕೊಲಾಜನ್ ಜೆಲಟಿನ್ ಆಗಿ ಇಳಿದಿದ್ದರೆ ತಣ್ಣಗಾದ ಸ್ಟಾಕ್ ತಟತಟನೆ ಅಲುಗುವ ಜೆಲ್ಲಿಯಂತೆ ಹೆಪ್ಪುಗಟ್ಟುತ್ತದೆ. ಇಲ್ಲಿ ಎಚ್ಚರಿಕೆಯೂ ಬೇಕು. ಬ್ರಿಟಿಷ್ ಪಠ್ಯದ ಅಳತೆಯಲ್ಲಿ 2 ಕಿಲೋ ಮೂಳೆಗೆ ಸುಮಾರು ನಾಲ್ಕೂವರೆ ಲೀಟರ್ ಸ್ಟಾಕ್ ಬರುತ್ತದೆ, ಅಮೆರಿಕದ ಅಳತೆಯಲ್ಲಿ ಒಂದು ಲೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋ ಮೂಳೆ. ಮೊದಲನೆಯದು ಅಷ್ಟಾಗಿ ಹೆಪ್ಪುಗಟ್ಟದಿದ್ದರೆ ಅಡುಗೆಯವನ ತಪ್ಪಲ್ಲ, ನೀರೇ ಹೆಚ್ಚಿತ್ತು. ಎರಡನೆಯದು ಹೆಪ್ಪುಗಟ್ಟದಿದ್ದರೆ ಒಂದೋ ಹೊತ್ತು ಸಾಲಲಿಲ್ಲ, ಒಂದೋ ಮೂಳೆಯಲ್ಲಿ ಕೀಲು, ನರ, ಕಾಲುಗಳ ಭಾಗ ಇರಲಿಲ್ಲ. ‘ಫ್ರಿಜ್ಜಿನಲ್ಲಿಟ್ಟ ಸ್ಟಾಕ್ ಹೆಪ್ಪುಗಟ್ಟಲಿಲ್ಲ, ಎರಡು ಕಾರಣ ಕೊಡಿ’ ಎಂಬ ಪ್ರಶ್ನೆ ಎರಡೇ ಸಾಲಿನದು. ಸ್ಟಾಕ್ ಮಾಡಿದವನು ಯಾರು, ನೋಟ್ಸು ಓದಿದವನು ಯಾರು ಎಂದು ಅದು ಬೇರ್ಪಡಿಸಿಬಿಡುತ್ತದೆ.

ಇನ್ನೂ ಒಂದು ವಿಷಯವಿದೆ, ಅದನ್ನು ನಮ್ಮ ಕಡೆಯವರು ಬಿಡುವಂತಿಲ್ಲ. ಸೋಸಿದ ಸ್ಟಾಕನ್ನು ಬೇಗ ತಣಿಸಬೇಕು. ಎರಡು ಗಂಟೆಯೊಳಗೆ 21 ಡಿಗ್ರಿಗೆ, ಅಲ್ಲಿಂದ ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಯಬೇಕೆಂಬುದು ಆಹಾರ ಸುರಕ್ಷತೆಯ ಒಂದು ಪ್ರಚಲಿತ ನಿಯಮ. ಹತ್ತು ಲೀಟರಿನ ಪಾತ್ರೆಯನ್ನು ಮುಚ್ಚಳ ಮುಚ್ಚಿ ರಾತ್ರಿಯಿಡೀ ಕಟ್ಟೆಯ ಮೇಲೆ ಬಿಟ್ಟರೆ ಅದರ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ, ಕುದಿತವನ್ನೂ ತಡೆದುಕೊಂಡು ಬದುಕುವ ಕೆಲವು ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಡಿ ಎಂದು ಪುಸ್ತಕ ಹೇಳುತ್ತದೆ. ಮೇ ತಿಂಗಳಲ್ಲಿ ಕೋಸಗಿಯ ಮಾಳಿಗೆಯ ಮೇಲಿನ ಟ್ಯಾಂಕಿನ ನೀರಿಗೆ ಕೈಯಿಟ್ಟವರಿಗೆ ಗೊತ್ತು, ಅದರಲ್ಲಿ ಸ್ಟಾಕನ್ನು 21 ಡಿಗ್ರಿಗೆ ತರಲು ಆಗುವುದಿಲ್ಲ. ಸ್ಟಾಕನ್ನು ಅಗಲ ತಟ್ಟೆಗಳಿಗೆ ಹಂಚಬೇಕು, ಐಸು ತರಿಸಬೇಕು. ಅದಕ್ಕಿಂತ ಜಾಣತನವೆಂದರೆ ಸ್ಟಾಕನ್ನು ಬತ್ತಿಸಿ ಪ್ರಮಾಣ ಕಡಿಮೆ ಮಾಡಿಕೊಂಡು, ಆಮೇಲೆ ಅದಕ್ಕೆ ಐಸನ್ನೇ ಸೇರಿಸಿ ಮೊದಲಿನ ಅಳತೆಗೆ ತರುವುದು. ಆ ಐಸು ಮಾತ್ರ ಕುಡಿಯುವ ನೀರಿನದಾಗಿರಬೇಕು. ಮಂತ್ರಾಲಯದ ರಸ್ತೆಯಲ್ಲಿ ಡಾಬಾ ಇಡುವ ಹುಡುಗನಿಗೆ ‘ಬ್ರೌನ್ ಸ್ಟಾಕ್’ ಎಂಬ ಹೆಸರಿಗಿಂತ ಇದು ಹತ್ತು ಪಟ್ಟು ಬೇಕು.

ಸಾಸುಗಳ ಮಾತು ಬೇರೆ. ಇಲ್ಲಿ ‘ಗುರುತಿಸಿ’ ಪ್ರಶ್ನೆ ನ್ಯಾಯವಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಸಾಸಿನ ವರ್ಗೀಕರಣ ನಿಂತಿರುವುದೇ ಎರಡು ಪ್ರಶ್ನೆಗಳ ಮೇಲೆ: ದ್ರವ ಯಾವುದು, ಅದನ್ನು ಮಂದ ಮಾಡಿದ್ದು ಯಾವುದು. ಹಾಲು ಮತ್ತು ಬಿಳಿ ರೂ ಸೇರಿದರೆ ಬೆಷಮೆಲ್. ಬಿಳಿ ಸ್ಟಾಕ್ ಮತ್ತು ತುಸು ಹೊಂಬಣ್ಣದ ರೂ ಸೇರಿದರೆ ವೆಲೂಟೆ. ಬ್ರೌನ್ ಸ್ಟಾಕ್, ಬ್ರೌನ್ ರೂ, ಟೊಮೆಟೊ ಸೇರಿದರೆ ಎಸ್ಪನ್ಯೋಲ್. ಬೆಣ್ಣೆಯನ್ನು ಮೊಟ್ಟೆಯ ಹಳದಿಯಲ್ಲಿ ಬೆರೆಸಿ ನಿಲ್ಲಿಸಿದರೆ ಹಾಲಂಡೇಸ್. ಬೆಷಮೆಲ್‌ಗೆ ಚೀಸ್ ಸೇರಿಸಿದರೆ ಮೊರ್ನೆ, ಆದ್ದರಿಂದ ಮೊರ್ನೆಯ ತಾಯಿ ಯಾರು ಎಂದು ಕೇಳಿದರೆ ಹುಡುಗ ಯೋಚಿಸಿ ಹೇಳಬಹುದು. ಮರೆತಿದ್ದರೂ ಸಾಮಾನಿನಿಂದ ಹುಡುಕಿಕೊಳ್ಳಬಹುದು. ಚಿತ್ರ ಕೊಟ್ಟರೆ ಮಾತ್ರ ಇದೂ ಕೆಟ್ಟುಹೋಗುತ್ತದೆ. ಬಟ್ಟಲಿನಲ್ಲಿರುವ ಬೆಷಮೆಲ್ ಮತ್ತು ವೆಲೂಟೆಗಳನ್ನು ಮೂಗು, ನಾಲಗೆ ಬೇರ್ಪಡಿಸಬಹುದೇ ಹೊರತು ಜೆರಾಕ್ಸ್ ಅಲ್ಲ.

ಆದರೂ ಒಂದು ಪ್ರಶ್ನೆ ಹುಡುಗರನ್ನು ಸುಮ್ಮನೆ ಕಾಡುತ್ತದೆ: ತಾಯಿ ಸಾಸುಗಳು ಎಷ್ಟು? ಐದು ಎಂದು ಕೆಲವು ನೋಟ್ಸು, ಮೇಯೊನೇಸ್ ಸೇರಿಸಿ ಆರು ಎಂದು ಇನ್ನು ಕೆಲವು. 19ನೇ ಶತಮಾನದ ಮೊದಲರ್ಧದಲ್ಲಿ ಕರೇಮ್ ಹೇಳಿದ್ದು ನಾಲ್ಕು: ಎಸ್ಪನ್ಯೋಲ್, ವೆಲೂಟೆ, ಅಲ್ಮಾಂಡ್, ಬೆಷಮೆಲ್. ಟೊಮೆಟೊ ಇಲ್ಲ, ಹಾಲಂಡೇಸ್ ಇಲ್ಲ. 1903ರಲ್ಲಿ ಎಸ್ಕೊಫಿಯೆಯ ಪುಸ್ತಕ ಬಂತು, ಅದರ 1907ರ ಇಂಗ್ಲಿಷ್ ಆವೃತ್ತಿಯಲ್ಲಿ ಹಾಲಂಡೇಸ್ ಮೂಲ ಸಾಸುಗಳ ಸಾಲಿನಲ್ಲಿ ಕೂತಿತು. ತಣ್ಣನೆಯ ಸಾಸುಗಳಿಗೆ ಮೇಯೊನೇಸೇ ತಾಯಿ ಎಂದವನೂ ಅವನೇ. ಕರೇಮ್‌ನ ಪಟ್ಟಿಯಲ್ಲಿದ್ದ ಅಲ್ಮಾಂಡ್ ಇವತ್ತು ವೆಲೂಟೆಯ ಮಗಳಾಗಿದೆ, ವೆಲೂಟೆಗೆ ಮೊಟ್ಟೆಯ ಹಳದಿ ಸೇರಿಸಿದ್ದು ಅಷ್ಟೇ ತಾನೇ ಎಂದು. ಹೀಗೆ ಕಾಲಕಾಲಕ್ಕೆ ಬದಲಾದ ಪಟ್ಟಿಯನ್ನು ‘ಎಷ್ಟು?’ ಎಂದು ಕೇಳಿ ಒಂದೇ ಸಂಖ್ಯೆಗೆ ಅಂಕ ಕೊಡುವುದು ಸರಿಯಲ್ಲ. ‘ಎಸ್ಕೊಫಿಯೆಯ ಪ್ರಕಾರ’ ಎಂದೋ ‘ಬಿಸಿ ಸಾಸುಗಳಲ್ಲಿ’ ಎಂದೋ ಎರಡು ಪದ ಸೇರಿಸಿದರೆ ಗೊಂದಲವಿರುವುದಿಲ್ಲ.

ಸಾಸಿನ ಹೆಸರು ಕೇಳಿದ ಮೇಲೆ ಅದೇ ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದೆ ಒಯ್ಯಬಹುದು. ಹಾಲಂಡೇಸ್ ಒಡೆಯುವುದು ಎರಡು ರೀತಿಯಲ್ಲಿ. ಬೆಣ್ಣೆಯನ್ನು ಅವಸರದಿಂದ ಸುರಿದರೆ ಜಿಡ್ಡು ಬೇರೆಯಾಗಿ ತೇಲುತ್ತದೆ, ಕೆಳಗೆ ನುಣುಪಾದ ಹಳದಿ ಹಾಗೇ ಇರುತ್ತದೆ. ಇದು ಉಳಿಯುವ ಸಾಸು. ಬೇರೆ ಪಾತ್ರೆಯಲ್ಲಿ ಒಂದು ಚಮಚ ಬಿಸಿನೀರೋ ಒಂದು ಹೊಸ ಹಳದಿಯೋ ಇಟ್ಟುಕೊಂಡು ಒಡೆದ ಸಾಸನ್ನು ತೊಟ್ಟುತೊಟ್ಟಾಗಿ ಕಡೆಯುತ್ತಾ ಸೇರಿಸಿದರೆ ಮತ್ತೆ ಕೂಡುತ್ತದೆ. ಉರಿ ಹೆಚ್ಚಾಗಿ ಸುಮಾರು 70 ಡಿಗ್ರಿ ದಾಟಿದರೆ ಹಳದಿಯೇ ಬೆಂದು ರವೆಯಂತೆ ಕಾಳುಗಟ್ಟುತ್ತದೆ, ಅದಕ್ಕೆ ಮದ್ದಿಲ್ಲ. ‘ಜಿಡ್ಡು ಬಿಟ್ಟಿದೆ, ಕಾಳು ಕಾಣುವುದಿಲ್ಲ. ಯಾವ ಸಾಸ್, ಏನು ತಪ್ಪಾಯಿತು, ಉಳಿಸಬಹುದೇ?’ ಮೂರು ಅಂಕದ ಪ್ರಶ್ನೆ, ಗುರುತಿಸುವುದೂ ಅದರೊಳಗೇ ಬಂತು.

ಪತ್ರಿಕೆ ತಯಾರಿಸುವವರು ಬರೀ ಹೆಸರು ಕೇಳುವುದಕ್ಕೆ ಕೊಡುವ ಕಾರಣ ನನಗೆ ತಿಳಿಯದ್ದಲ್ಲ. ಒಂದು ಪದದ ಉತ್ತರ ತಿದ್ದಲು ಸುಲಭ, ನೂರಾರು ಪತ್ರಿಕೆ ಮುಂದಿದ್ದಾಗ ಇಬ್ಬರು ತಿದ್ದಿದರೂ ಒಂದೇ ಅಂಕ ಬರುತ್ತದೆ, ಕೈಕೆಲಸ ನೋಡಲು ಪ್ರಾಕ್ಟಿಕಲ್ ಇದ್ದೇ ಇದೆ. ಕೊನೆಯ ಮಾತು ಅರ್ಧ ಮಾತ್ರ ನಿಜ. ಆರು ಗಂಟೆ ಬೇಯುವ ಸ್ಟಾಕ್, ಮರುದಿನ ಹೆಪ್ಪುಗಟ್ಟುವ ಸ್ಟಾಕ್ ಮೂರ್ನಾಲ್ಕು ಗಂಟೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಅದನ್ನು ಕೇಳಲು ಇರುವ ಜಾಗ ಥಿಯರಿಯೊಂದೇ. ಇನ್ನು ತಿದ್ದುವ ಸುಲಭದ ಮಾತಿಗೆ ಬಂದರೆ, ಮೇಲೆ ಹೇಳಿದ ಪ್ರಶ್ನೆಗಳ ಉತ್ತರವೂ ಒಂದೆರಡು ಸಾಲು ಮೀರುವುದಿಲ್ಲ. ಕಟ್‌ಗಳ ಚಿತ್ರ ಬೇಕೇ ಬೇಕೆಂದರೆ ಚಿತ್ರದ ಕೆಳಗೆ ಒಂದು ಸೆಂಟಿಮೀಟರಿನ ಗೆರೆ ಎಳೆಯಲಿ, ಜೆರಾಕ್ಸಿನಲ್ಲಿ ಹಿಗ್ಗಿದರೂ ಕುಗ್ಗಿದರೂ ಗಜ್ಜರಿಯ ಜೊತೆಗೆ ಗೆರೆಯೂ ಅಷ್ಟೇ ಹಿಗ್ಗುತ್ತದೆ, ಅಷ್ಟೇ ಕುಗ್ಗುತ್ತದೆ.